ಹೆಸರು ಅಳಿಸಿ ಓದಿ ನೋಡ್ರಿ

(1/5)
ಮೊದಲ ಫೋಟೋದಾಗ ಇರೋದು ನನಗ ಸಿಕ್ಕ ಶಿಫಾರಸು ಪತ್ರ. ಕಾಲೇಜಿನ ಹೆಸರು, ಸರ್ ಹೆಸರು ಮುಚ್ಚೀನಿ. ಇದು ಒಬ್ಬರ ತಪ್ಪಲ್ಲ, ಹಂಗಾಗಿ ಹೆಸರು ಬ್ಯಾಡ.

ಪತ್ರದಾಗ ಏನದ? ವಿದ್ಯಾರ್ಥಿನಿ ಪರಿಶ್ರಮಿ, ಪ್ರಾಮಾಣಿಕಳು, ಶಿಸ್ತಿನವಳು, ನಡತೆ ಉತ್ತಮ. ಕೊನೆ ಸಾಲಿಗೆ ಬರೋದ್ರಾಗ ನಾ ಗಂಡು ಹುಡುಗ ಆಗೀನಿ: "ಅವನ ಭವಿಷ್ಯ ಉಜ್ವಲವಾಗಲಿ." ಹಳೇ ಫೈಲ್ ತೆಗೆದು ಹೆಸರಷ್ಟೇ ಬದಲಿಸ್ಯಾರ, ಇಂಗ್ಲಿಷಿನ ಹಿಸ್ ಹಂಗೇ ಉಳದದ. ನನ್ನ ಹೆಸರು ಅಳಿಸಿ ನಿಮ್ಮ ಹೆಸರು ಹಾಕ್ರಿ. ಒಂದು ಸಾಲೂ ಸುಳ್ಳಾಗಂಗಿಲ್ಲ. ಅಂದ್ರ ಆ ಪತ್ರದಾಗ ನಾ ಇಲ್ಲವೇ ಇಲ್ಲ.

(2/5)
ನಮ್ಮ ಕಡೆ ಶಿಫಾರಸು ಪತ್ರ ಅಂದ್ರ ನಡತೆ ಪ್ರಮಾಣಪತ್ರದ ಅಣ್ಣ ಅಂತ ತಿಳಿದಾರ. ಎರಡೂ ಬ್ಯಾರೆ. ನಡತೆ ಪ್ರಮಾಣಪತ್ರ ಹೇಳೋದು 'ಈಕಿ ಮ್ಯಾಲ ದೂರಿಲ್ಲ' ಅಂತ ಅಷ್ಟೇ. ಶಿಫಾರಸು ಪತ್ರ ಕೇಳೋ ಆಯ್ಕೆ ಸಮಿತಿಗೆ ನನ್ನ ಅಂಕಪಟ್ಟಿ ಈಗಾಗಲೇ ಸಿಕ್ಕಿರ್ತದ. ಅಂಕಪಟ್ಟಿಯೊಳಗ ಕಾಣದ್ದನ್ನ ಪಾಠ ಮಾಡಿದವರು ಕಣ್ಣಾರೆ ಏನು ನೋಡ್ಯಾರ, ಅದು ಅವರಿಗೆ ಬೇಕು.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಅದ: "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ." ಅದು ಸಾಕ್ಷಿ ಅಲ್ರಿ. ನನ್ನ ಬಾಯಿ, ಅವರ ಸಹಿ.

ಸರ್ ಕಷ್ಟನೂ ಗೊತ್ತದ. ಅತಿಥಿ ಉಪನ್ಯಾಸಕರು ವರ್ಷಕ್ಕೊಮ್ಮೆ ಬದಲಾದ್ರ ಯಾರ ಮುಖ ನೆನಪಿಡಬೇಕು? ಅದಕ್ಕೇ ನಾ ಸರ್ ಹತ್ರ ವಾಪಸ್ ಹೋದೆ. ಕೈಯಾಗ ಅರ್ಧ ಹಾಳೆ ಇತ್ತು. ಅದರಾಗ ಹೊಗಳಿಕೆ ಇರಲಿಲ್ಲ. ಯಾವ ಸೆಮಿಸ್ಟರ್, ಯಾವ ಕ್ಲಾಸು, ಏನು ನಡೀತು, ಅಷ್ಟೇ. "ಸರ್, ನಿಮಗ ನೆನಪಿದ್ದದ್ದು ಇಡ್ರಿ, ಇಲ್ಲದ್ದು ಹೊಡೀರಿ" ಅಂದೆ. ಐದರಾಗ ಮೂರು ಹೊಡೆದ್ರು.

(3/5)
ಹೊಸ ಪತ್ರದ ಮುಖ್ಯ ಭಾಗ ಕನ್ನಡದಾಗ ಹೀಗದ:

"ನಾಲ್ಕನೇ ಸೆಮಿಸ್ಟರಿನಲ್ಲಿ ಒಂದು ತಾಳೆಪಟ್ಟಿಯ ಅಭ್ಯಾಸದಲ್ಲಿ ಜಮಾ ಬದಿ 900 ರೂಪಾಯಿ ಹೆಚ್ಚು ಬಂತು. ಹೆಚ್ಚಿನವರು ಆ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮುಗಿಸಿದರು. ಈಕೆ 900 ಒಂಬತ್ತರಿಂದ ಭಾಗವಾಗುತ್ತದೆ, ಅಂಕಿ ಅದಲುಬದಲಾಗಿರಬಹುದು ಎಂದಳು. ಒಂದೊಂದೇ ಖಾತೆ ನೋಡುತ್ತಾ ಹೋಗಿ, ಖರೀದಿ ಪುಸ್ತಕದ 5,640 ತೊಗರಿ ಮಾರಿದವನ ಖಾತೆಗೆ 6,540 ಎಂದು ಏರಿರುವುದನ್ನು ಹಿಡಿದಳು. ಒಂಬತ್ತರ ಲೆಕ್ಕ ಸುಳಿವು ಮಾತ್ರ, ಸಾಕ್ಷಿಯಲ್ಲ ಎಂಬುದನ್ನೂ ತಾನೇ ಹೇಳಿದಳು. ಇದಕ್ಕೆ ಎರಡು ಪಿರಿಯಡ್ ಹಿಡಿಯಿತು. ಈಕೆ ವೇಗದವಳಲ್ಲ.

"ಮಳೆಗಾಲದಲ್ಲಿ ಹಾಜರಿ ಕಡಿಮೆ. ದಂಡೋತಿಯ ಕಾಗಿಣಾ ಸೇತುವೆ ಮೇಲೆ ನೀರು ಬಂದು ಬಸ್ ನಿಂತ ದಿನಗಳವು. ತಪ್ಪಿದ ಲೆಕ್ಕಗಳನ್ನು ಮುಂದಿನ ವಾರ ಮಾಡಿ ತಂದು ತೋರಿಸಿದ್ದಾಳೆ. ಇಂಗ್ಲಿಷಿನಲ್ಲಿ ಮಾತಾಡುವಾಗ ತಡವರಿಸುತ್ತಾಳೆ. ಬರವಣಿಗೆ ಸ್ಪಷ್ಟ. ತರಗತಿಯ ಮೊದಲ ಐವರಲ್ಲಿ ಇಲ್ಲ. ಆದರೆ ತಪ್ಪು ಎಲ್ಲಿದೆ ಎಂದು ಹುಡುಕುವ ಕೆಲಸಕ್ಕೆ ನಾನು ಮೊದಲು ಕರೆಯುವುದು ಈಕೆಯನ್ನೇ."

(4/5)
"ವೇಗದವಳಲ್ಲ", "ತಡವರಿಸುತ್ತಾಳೆ" ಓದಿ ನನಗ ಸಿಟ್ಟು ಬಂದಿತ್ತು, ಸುಳ್ಳು ಯಾಕ ಹೇಳ್ಲಿ. ತೆಗೀರಿ ಅಂದೆ. ಸರ್ ಒಪ್ಪಲಿಲ್ಲ: "ಇವು ಇದ್ರೇನೆ ಕೊನೆ ಸಾಲು ನಂಬ್ತಾರವ್ವ."

ಹೌದಿಲ್ಲ ಅಂತ ಹುಡುಕಿದಾಗ ಸಿಕ್ಕದ್ದು ರಾಮಾನುಜನ್ ಕಥೆ. 1913ರಾಗ ಅವರು ಮದ್ರಾಸ್ ಬಂದರಿನ ಟ್ರಸ್ಟ್‌ನ್ಯಾಗ ಗುಮಾಸ್ತ. ಹವಾಮಾನ ಇಲಾಖೆ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಅವರ ಕೆಲಸ ನೋಡಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದ್ರು. ಸ್ವಂತಿಕೆಯೊಳಗ ಕೇಂಬ್ರಿಜ್ ಕಾಲೇಜಿನ ಗಣಿತದ ಫೆಲೋಗೆ ಸಮ ಅಂದ್ರು. ಅದೇ ಉಸಿರಿನಾಗ, ಪೂರ್ಣತೆ, ಖಚಿತತೆ ಸಾಲದು ಅಂತಲೂ ಬರೆದ್ರು. ಈ ಶಾಖೆ ನನ್ನ ವಿಷಯ ಅಲ್ಲ, ಹಂಗಾಗಿ ಅವರ ಸಾಮರ್ಥ್ಯ ಇಷ್ಟೇ ಅಂತ ನಾ ಅಳೀಲಾರೆ ಅಂತ ಒಪ್ಪಿಕೊಂಡ್ರು. ಆಮ್ಯಾಲ ಒಂದೇ ಬೇಡಿಕೆ: ಕೆಲವು ವರ್ಷ ಹೊಟ್ಟೆಪಾಡಿನ ಚಿಂತಿ ಇಲ್ಲದೆ ಗಣಿತ ಮಾಡಲಿಕ್ಕೆ ಬಿಡ್ರಿ. ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷ ವಿದ್ಯಾರ್ಥಿವೇತನ ಕೊಟ್ಟಿತು.

ನಾ ರಾಮಾನುಜನ್ ಅಲ್ಲ, ನಗಬ್ಯಾಡ್ರಿ. ಆದ್ರ ಅಂಥವರಿಗೇ ಕೊರತೆ ಸೇರಿಸಿ ಬರೀತಾರಂದ್ರ, ನನ್ನಂಥವರಿಗೆ "ಅತ್ಯುತ್ತಮ" ಅಂತ ಬರೆದು ಯಾರಿಗೆ ಮೋಸ ಮಾಡೋದು?

(5/5)
"ಮಕ್ಕಳ ದೌರ್ಬಲ್ಯ ಬರೆದ್ರ ಸೀಟು ಹೋಗ್ತದ" ಅಂತ ಇನ್ನೊಬ್ಬ ಮೇಡಂ ಅಂದ್ರು. ಅದರಾಗ ನಿಜ ಇಲ್ಲ ಅನ್ನಂಗಿಲ್ಲ. ಎಲ್ಲರ ಪತ್ರದಾಗೂ "ಅತ್ಯುತ್ತಮ" ಇದ್ದು, ಒಬ್ಬಾಕಿ ಪತ್ರದಾಗ ಮಾತ್ರ "ತಡವರಿಸುತ್ತಾಳೆ" ಇದ್ರ ಅವಸರದಾಗ ಓದೋರು ಬದಿಗಿಡಬಹುದು. ಅದಕ್ಕೇ ಕೊರತೆ ಒಂದೇ ಬರೀಬಾರದು, ಪಕ್ಕದಾಗ ಘಟನೆ ಇರಬೇಕು. ಘಟನೆ ನೆನಪೇ ಇಲ್ಲದ ಉಪನ್ಯಾಸಕರು "ನಾ ಬರೆಯಂಗಿಲ್ಲ, ನಿನ್ನ ಗೊತ್ತಿರೋರ ಹತ್ರ ಹೋಗು" ಅಂದ್ರ ಅದು ದೊಡ್ಡ ಉಪಕಾರ.

ಅರ್ಜಿ ಮೊನ್ನೆ ಕಳಿಸೀನಿ. ಕೊನೆ ಫೋಟೋದಾಗ ಆ ಅರ್ಧ ಹಾಳೆ ಅದ, ಸರ್ ಕೆಂಪು ಪೆನ್ನಿಲೆ ಹೊಡೆದ ಮೂರು ಸಾಲಿನ ಸಮೇತ.

#ದಂಡೋತಿ #ಬಿಕಾಂ #ಶಿಫಾರಸುಪತ್ರ