ಅಜ್ಜಿಯನ್ನು 2xನಲ್ಲಿ ಕೇಳಬೇಡಿ

ಬಯಲಾಟ ಸತ್ತಿತು, ತೊಗಲುಗೊಂಬೆ ಆಡಿಸುವವರಿಲ್ಲ ಎಂದು ವಿಚಾರ ಸಂಕಿರಣದಲ್ಲಿ ಕಣ್ಣೀರಿಡುವ ಸಾಹಿತ್ಯದ ಹುಡುಗರು, ಗೆಳೆಯ ಕಳಿಸಿದ ವಾಯ್ಸ್ ಮೆಸೇಜಿಗೆ ಮಾತ್ರ 'ಟೈಪ್ ಮಾಡಲೇ, ಇದನ್ಯಾರು ಕೇಳ್ತಾರ' ಎಂದು ಉತ್ತರಿಸುತ್ತಾರೆ. ಇನ್ನೂ ಸ್ವಲ್ಪ ದಯೆಯುಳ್ಳವರು 2x ಒತ್ತಿ ಕೇಳಿ ಮುಗಿಸುತ್ತಾರೆ. ನನ್ನ ಜಗಳ ಇವರ ಜೊತೆಗೆ. ನಾನೂ ಇವರಲ್ಲೊಬ್ಬನಾಗಿದ್ದೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಸಂಡೂರಿನಲ್ಲಿರುವ ನನ್ನ ಗೆಳೆಯನೊಬ್ಬ ಒಮ್ಮೆ 52 ಸೆಕೆಂಡಿನ ಮೆಸೇಜು ಕಳಿಸಿದ್ದ. ಬಸ್ ಸ್ಟ್ಯಾಂಡು. ಕಂಡಕ್ಟರ್ ಮೂಗಿನಲ್ಲಿ 'ಹೊಸಪೇಟಿ ಹೊಸಪೇಟಿ' ಎಂದು ಕೂಗುತ್ತಾನೆ. ಅಜ್ಜಿಯೊಬ್ಬಳು, 'ಯಪ್ಪಾ, ಇದು ಹೊಸಪೇಟಿಗಿ ಹೋಕ್ಕತೇನು?' ಎನ್ನುತ್ತಾಳೆ. ಹೋಗುತ್ತದೆ ಎಂದ ಮೇಲೆ ಏದುಸಿರು ಬಿಡುತ್ತಾ ಹತ್ತುತ್ತಾಳೆ, ಕೂರುತ್ತಾಳೆ. ಬಾಗಿಲು ಬಡಿಯುತ್ತದೆ, ಸೀಟಿ, ಬಸ್ಸು ಗುರುಗುಟ್ಟುತ್ತದೆ. ಆಗ ಅಜ್ಜಿ, 'ಇಳಸಪ್ಪಾ, ನಾ ಕೂಡ್ಲಿಗಿಗೆ ಹೋಗಬೇಕು.' ಕಂಡಕ್ಟರ್ ಕಿರುಚುತ್ತಾನೆ: 'ಮತ್ತ ಹೊಸಪೇಟಿ ಯಾಕ ಕೇಳ್ದಿ?' ಎರಡು ಸೆಕೆಂಡು ಮಾತಿಲ್ಲ. ಎಲೆಅಡಿಕೆ ಜಗಿಯುವ ಸದ್ದು ಮಾತ್ರ. ಆಮೇಲೆ, 'ಸುಮ್ನ ಕೇಳಿದ್ನಪ್ಪಾ. ತಿಳ್ಕಂಡಿದ್ರ ಚಲೋ ಅಂತ.'

ಇದನ್ನು ಹೇಗೆ ಮಾಡಿದೆ ಎಂದು ಆಮೇಲೆ ಕೇಳಿದೆ. ಬಸ್ಸಿಗೆ ಬೇಕಾದದ್ದು ತುಟಿ ಮತ್ತು ಬೊಗಸೆಯ ಕೈ. ಬಾಗಿಲಿಗೆ ಸ್ಟೀಲ್ ಡಬ್ಬಿಯ ಮುಚ್ಚಳ. ಮೊದಲು ಮಿಕ್ಸಿಯನ್ನೇ ಓಡಿಸಿ ಎಂಜಿನ್ ಮಾಡಲು ಹೋಗಿದ್ದನಂತೆ, ಕೇಳಿದರೆ ಬರೀ ಗೊಗ್ಗರು. ಎಷ್ಟೋ ಫೋನುಗಳು ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ತಿಳಿದು ಅಳಿಸುತ್ತವೆ, ಬಾಯಿಂದ ಏರಿಳಿಸಿ ಮಾಡಿದ ಸದ್ದು ಹೆಚ್ಚು ಉಳಿಯುತ್ತದೆ. ನಿಜವಾದ ಸೀಟಿ ಹತ್ತಿರದಿಂದ ಊದಿದರೆ ಒಡೆದು ಕರ್ಕಶವಾಗುತ್ತದೆ, ಅದಕ್ಕೆ ಫೋನನ್ನು ತೋಳುದ್ದ ದೂರ ಹಿಡಿದು ಹಲ್ಲಿನ ಸಂದಿಯಲ್ಲಿ ಊದಬೇಕು. ಅಜ್ಜಿಗೆ ನಾಲಿಗೆಯನ್ನು ಒಂದು ದವಡೆಗೆ ಒತ್ತಿಕೊಳ್ಳುವುದು. ಮುಖ್ಯವಾದದ್ದು, ಅಜ್ಜಿಯಿಂದ ಕಂಡಕ್ಟರಿಗೆ ಹೋಗುವಾಗ ಮುಖ ಪಕ್ಕಕ್ಕೆ ತಿರುಗಿಸುವುದು. ಆಗ ಇಬ್ಬರೂ ಬೇರೆಬೇರೆ ಕಡೆ ನಿಂತಂತೆ ಕೇಳಿಸುತ್ತದೆ. ನಾಲ್ಕನೆಯ ಸಲಕ್ಕೆ ಸರಿಬಂತಂತೆ. ಒಂದು ಸಲ ತಾನೇ ಮೊದಲು ನಕ್ಕ. ಇನ್ನೊಂದು ಸಲ ಹೊರಗೆ ನಿಜವಾದ ಅದಿರು ಲಾರಿ ಹಾದುಹೋಗಿ ಅವನ ಬಸ್ಸನ್ನು ನುಂಗಿತು. ಸಂಡೂರಿನಲ್ಲಿ ಅದೊಂದು ಇದ್ದದ್ದೇ.

ಈಗ 2x ಒತ್ತಿ ನೋಡಿ. ವಾಟ್ಸ್ಯಾಪಿಗೆ ವಾಯ್ಸ್ ಮೆಸೇಜು ಬಂದದ್ದು 2013ರಲ್ಲಿ, ಈ ವೇಗದ ಗುಂಡಿ ಬಂದದ್ದು 2021ರಲ್ಲಿ. ಸ್ವರ ಕೀರಲಾಗದಂತೆ ಅದು ಜಾಗ್ರತೆ ವಹಿಸುತ್ತದೆ, ಮಾತೂ ಅರ್ಥವಾಗುತ್ತದೆ. ಆದರೆ ಅಜ್ಜಿಯ ಎರಡು ಸೆಕೆಂಡು ಒಂದಾಗುತ್ತದೆ. ಜಗಿಯುವ ಸದ್ದು ಯಾವುದೋ ಚಿಟಚಿಟ ಆಗಿಬಿಡುತ್ತದೆ. ಅಜ್ಜಿ ಯೋಚಿಸಿ ಹೇಳಿದಳು ಎನ್ನುವುದೇ ನಗು, ಅದೇ ಹೋಯಿತು. ನಿಮಗೆ ಉಳಿದದ್ದು 26 ಸೆಕೆಂಡು. ಅದರಲ್ಲಿ ಏನು ಓದಿಬಿಟ್ಟಿರಿ?

ತೊಗಲುಗೊಂಬೆ ಆಟದಲ್ಲಿ ಪರದೆಯ ಹಿಂದೆ ಕೂತವರು ಕಿಳ್ಳೇಕ್ಯಾತನಿಗೊಂದು ದನಿ, ಬಂಗಾರಕ್ಕನಿಗೊಂದು ದನಿ ಎತ್ತಿ ಜಗಳವಾಡಿಸುತ್ತಾರೆ. ನಡುವೆ ಬಿಡುವ ಉಸಿರಿಗೆ ಎದುರು ಕೂತವರು ಕಾಯುತ್ತಾರೆ. ನನ್ನ ಗೆಳೆಯ ಆ ಪರಂಪರೆಯ ಕಲಾವಿದ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ಅವನೇ ಬೈದಾನು. ಅವನ ಕೈಯಲ್ಲಿ ಗೊಂಬೆಯಿಲ್ಲ, ರಾತ್ರಿಯಿಡೀ ಆಡುವ ಕಸುವೂ ಇಲ್ಲ. ಆದರೆ ಒಂದೇ ಗಂಟಲಿಂದ ಇಬ್ಬರನ್ನು ಹುಟ್ಟಿಸುವ ಕೆಲಸ ಅದೇ, ಅದಕ್ಕೆ ಬೇಕಾದ ಕೇಳುಗನೂ ಅವನೇ. ಆ ಕೇಳುಗ ಸಂಕಿರಣದಲ್ಲಿ ಸಿಗುತ್ತಾನೆ, ಫೋನಿನಲ್ಲಿ ಸಿಗುವುದಿಲ್ಲ.

'ಟೈಪ್ ಮಾಡು' ಎನ್ನುವವರಿಗೆ ಒಂದು ಮಾತು ಒಪ್ಪುತ್ತೇನೆ. ವಿಳಾಸ, ದುಡ್ಡಿನ ಲೆಕ್ಕ, ಬಸ್ಸಿನ ಹೊತ್ತು ಇವನ್ನು ದನಿಯಲ್ಲಿ ಕಳಿಸುವವನು ಶಿಕ್ಷಾರ್ಹ. ಆದರೆ ಆ ಅಜ್ಜಿಯನ್ನು ಟೈಪ್ ಮಾಡಿ ನೋಡಿ. 'ಹೋಕ್ಕತೇನು' ಎಂಬುದನ್ನು ಬರೆಯುವ ಹೊತ್ತಿಗೆ ನಮ್ಮ ಬೆರಳು ತಾನಾಗಿಯೇ 'ಹೋಗುತ್ತದೆಯೇ' ಎಂದು ತಿದ್ದುತ್ತದೆ. ಶಾಲೆ ಕಲಿಸಿದ್ದು ಅದನ್ನೇ. ಮೇಲೆ ನಾನು ಬರೆದದ್ದರಲ್ಲೂ ಅಜ್ಜಿಯ ರಾಗ ಅರ್ಧಕ್ಕರ್ಧ ಸೋರಿದೆ.

ಇದರಲ್ಲಿ ಹಳ್ಳಿಯವರ ಗೇಲಿಯಿಲ್ಲವೇ ಎಂಬ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಸಲೀಸಾದ ಉತ್ತರವಿಲ್ಲ. ಆ ಅಜ್ಜಿ ಅವನ ಸ್ವಂತ ಅಜ್ಜಿ. ನಾವು ನಾಲ್ಕು ಜನ ಅವಳ ಕೈಯ ರೊಟ್ಟಿ ತಿಂದವರು. ನಮಗೆ ಅವಳು ಗೆದ್ದಂತೆ ಕೇಳಿಸುತ್ತಾಳೆ. ನಮ್ಮಲ್ಲೊಬ್ಬ ಅದನ್ನು ಆಫೀಸಿನ ಗುಂಪಿಗೆ ಫಾರ್ವರ್ಡ್ ಮಾಡಿದ. ಅಲ್ಲಿ ಅವಳು ಬಸ್ಸು ಗೊತ್ತಾಗದ ಹಳ್ಳಿ ಮುದುಕಿಯಾದಳು. ಸದ್ದು ಅದೇ, ಕಿವಿ ಬೇರೆ. ಹಾಗಾಗಿ ಫಾರ್ವರ್ಡ್ ಮಾಡುವವರ ಮೇಲೆ ನನಗೆ 2x ಒತ್ತುವವರಿಗಿಂತ ಹೆಚ್ಚು ಸಿಟ್ಟು.

ಬೆಂಗಳೂರಿಗೆ ಬಂದ ಮೇಲೆ ಅವನ ಮೂರು ಮೆಸೇಜುಗಳಿಗೆ ನಾನು ಬರೀ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದೆ. ನಾಲ್ಕನೆಯದು ಬರಲಿಲ್ಲ. ಎಂಟು ತಿಂಗಳು. ಕಳೆದ ವಾರ ನಾನೇ ಕಂಡಕ್ಟರನಾಗಿ ಕೂಗಿ ಕಳಿಸಿದೆ, ಸೀಟಿ ಒಡೆದು ಹಾಳಾಗಿತ್ತು. ರಾತ್ರಿ ಅವನಿಂದ ಹನ್ನೊಂದು ಸೆಕೆಂಡಿನ ಉತ್ತರ ಬಂತು. ಏಳು ಸೆಕೆಂಡು ಎಲೆಅಡಿಕೆ ಜಗಿಯುವ ಸದ್ದು. ಆಮೇಲೆ ಅಜ್ಜಿ: 'ಯಾರಪ್ಪಾ ನೀನು?'