ಎರಡು ಪಾಳಿ ನಡೆಸಿದರೆ ಖರ್ಚು ಅರ್ಧವಾಗುತ್ತದೆಯೇ?

ಯಂತ್ರ ಸುಮ್ಮನೆ ನಿಂತರೆ ನಷ್ಟ, ಹಾಗಾಗಿ ಎರಡನೇ ಪಾಳಿ ಯಾವಾಗಲೂ ಲಾಭ ಎಂಬ ನಂಬಿಕೆಯಿದೆ. ನಾವು ಒಂದು ಲೆಕ್ಕ ಹಾಕಿ ನೋಡೋಣ.

ಒಂದು ಲೇತ್ ಯಂತ್ರದ ಸಾಲದ ಕಂತು, ಬಾಡಿಗೆ ಸೇರಿ ತಿಂಗಳಿಗೆ 60,000 ರೂಪಾಯಿ ಎಂದುಕೊಳ್ಳೋಣ. ಒಂದು ಪಾಳಿಯಲ್ಲಿ 200 ಗಂಟೆ ಕೆಲಸ, ಸಂಬಳ 20,000. ವಿದ್ಯುತ್, ಕಚ್ಚಾವಸ್ತು ಬಿಟ್ಟು ಗಂಟೆಗೆ 400 ರೂಪಾಯಿ ಬೀಳುತ್ತದೆ. ಎರಡನೇ ಪಾಳಿಗೆ 4,000 ಭತ್ಯೆ ಸೇರಿ 24,000 ಕೊಟ್ಟು 400 ಗಂಟೆ ಓಡಿಸಿದರೆ ಅದು 260ಕ್ಕೆ ಇಳಿಯುತ್ತದೆ. ಅರ್ಧವಾಗುವುದಿಲ್ಲ, ಏಕೆಂದರೆ ಹಂಚಿಹೋಗುವುದು ಕಂತು, ಬಾಡಿಗೆ ಮಾತ್ರ.

ಆರ್ಡರ್ 250 ಗಂಟೆಗಷ್ಟೇ ಇದ್ದರೆ? ಯಂತ್ರ ನಿಂತರೂ ಸಂಬಳ, ಭತ್ಯೆ ಪೂರ್ತಿ ಕೊಡಬೇಕು. ಆಗ ಗಂಟೆಗೆ 416 ರೂಪಾಯಿ, ಅಂದರೆ ಒಂದೇ ಪಾಳಿಗಿಂತ ದುಬಾರಿ! ಇಲ್ಲಿ ಎರಡನೇ ಪಾಳಿಗೆ 60 ಗಂಟೆಗಿಂತ ಹೆಚ್ಚು ಕೆಲಸ ಸಿಕ್ಕರೆ ಮಾತ್ರ ಗಂಟೆಯ ಖರ್ಚು ಇಳಿಯುತ್ತದೆ.