ಹಳೆಯ ಕೋಟಿನ ಹೊಸ ಗೀಳು

ರೀಲ್ಸ್ ನೋಡುವವರಿಗೆ ‘ಡಾರ್ಕ್ ಅಕಾಡೆಮಿಯಾ’ ಹೊಸದೇನಲ್ಲ. ಕಂದು ಕೋಟು, ಚರ್ಮದ ರಟ್ಟಿನ ದಪ್ಪ ಪುಸ್ತಕ, ಮೇಣದಬತ್ತಿ, ಮಳೆ ಸುರಿಯುವ ಕಿಟಕಿ, ಹಿನ್ನೆಲೆಯಲ್ಲಿ ಪಿಯಾನೊ. ಟಂಬ್ಲರ್ ಜಾಲತಾಣದಲ್ಲಿ ಶುರುವಾದ ಈ ಶೈಲಿ 2020ರಲ್ಲಿ, ಕೊರೊನಾದಿಂದ ಕಾಲೇಜುಗಳಿಗೆ ಬೀಗ ಬಿದ್ದಾಗ, ಎಲ್ಲೆಡೆ ಹರಡಿತು. ತರಗತಿಗೆ ಹೋಗಲಾಗದವರು ಮನೆಯಲ್ಲೇ ಕುಳಿತು ತರಗತಿಯ ಕನಸಿನಂತೆ ಉಡುಗೆ ತೊಟ್ಟರು. ಇದನ್ನು ಬರೀ ಷೋಕಿ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಓದುವುದೇ ಚಂದ ಎಂದು ಹೇಳುವ ಫ್ಯಾಷನ್ ಎಷ್ಟಿವೆ? ಆದರೆ ಈ ಬಟ್ಟೆಗಳು ಏಕೆ ಹೀಗಿವೆ, ಇವು ಯಾವ ಕಥೆಯಿಂದ ಬಂದಿವೆ ಎಂದು ತಿಳಿದ ಮೇಲೆ ಇದನ್ನು ನೋಡುವ ಕಣ್ಣೇ ಬದಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಟ್ವೀಡ್ ಕೋಟು. ಟ್ವೀಡ್ ಎಂದರೆ ಉಣ್ಣೆಯ ಒರಟು ಬಟ್ಟೆ. ಮುಟ್ಟಿದರೆ ನಮ್ಮ ಕಂಬಳಿಯ ನೆನಪಾಗುತ್ತದೆ. ಅದರಲ್ಲಿ ಹೆಸರುವಾಸಿಯಾದ ಹ್ಯಾರಿಸ್ ಟ್ವೀಡ್ ತಯಾರಾಗುವುದು ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ. ಉಣ್ಣೆಗೆ ಬಣ್ಣ ಹಾಕುವುದು, ನೂಲುವುದು ಆ ದ್ವೀಪಗಳಲ್ಲೇ ನಡೆಯಬೇಕು, ನೇಯುವುದು ಅಲ್ಲಿನವರ ಮನೆಯಲ್ಲೇ ಆಗಬೇಕು ಎಂದು 1993ರ ಬ್ರಿಟಿಷ್ ಕಾನೂನು ಹೇಳುತ್ತದೆ. ಅಲ್ಲಿ ಬಣ್ಣ ಹಾಕುವುದು ಬಟ್ಟೆಗಲ್ಲ, ನೂಲುವ ಮೊದಲಿನ ಉಣ್ಣೆಗೆ. ಬೇರೆ ಬೇರೆ ಬಣ್ಣದ ಉಣ್ಣೆಯನ್ನು ಬೆರೆಸಿ ನೂಲುತ್ತಾರೆ. ಹಾಗಾಗಿ ದೂರದಿಂದ ಬರೀ ಕಂದು ಎನಿಸುವ ಕೋಟನ್ನು ಹತ್ತಿರದಿಂದ ನೋಡಿದರೆ ಒಂದೇ ಎಳೆಯಲ್ಲಿ ತುಕ್ಕಿನ ಕೆಂಪು, ಪಾಚಿಯ ಹಸಿರು, ಬೂದಿ ಎಲ್ಲವೂ ಕಾಣುತ್ತವೆ.

ಡಾರ್ಕ್ ಅಕಾಡೆಮಿಯಾದ ಬಣ್ಣಗಳು ಇಲ್ಲಿಂದಲೇ ಅರ್ಥವಾಗುತ್ತವೆ. ಹಿಂದೆ ಆ ದ್ವೀಪಗಳ ಹೆಂಗಸರು ಬಂಡೆಗೆ ಅಂಟಿದ ಕಲ್ಲುಹೂವನ್ನು ಕೆರೆದು, ಉಣ್ಣೆಯ ಜೊತೆ ಕುದಿಸಿ ಕೆಂಗಂದು ಬಣ್ಣ ತೆಗೆಯುತ್ತಿದ್ದರು. ಕಂದು, ಕಡುಹಸಿರು, ಬೂದು ಬಣ್ಣಗಳು ದುಃಖದ ಸಂಕೇತವಾಗಿ ಹುಟ್ಟಿದ್ದಲ್ಲ, ಅವು ಆ ನೆಲದ ಬಣ್ಣಗಳು. ಹಳೆಯ ಕಾಗದ, ಮರದ ಕಪಾಟು, ಚರ್ಮದ ರಟ್ಟು ಇವೂ ಅದೇ ಸಾಲಿಗೆ ಸೇರುವುದರಿಂದ ಕೋಟು ತೊಟ್ಟವರು ಗ್ರಂಥಾಲಯದಲ್ಲಿ ಕುಳಿತರೆ ಗೋಡೆಯ ಒಂದು ಭಾಗವೇ ಎನ್ನುವಂತೆ ಕಾಣುತ್ತಾರೆ.

ಎರಡನೆಯದು ಪದರಗಳು. ಒಳಗೆ ತೆಳುವಾದ ಹತ್ತಿಯ ಅಂಗಿ, ಅದರ ಮೇಲೆ ತೋಳಿಲ್ಲದ ಉಣ್ಣೆಯ ಸ್ವೆಟರ್, ಮೇಲೆ ಟ್ವೀಡ್ ಕೋಟು, ಹೊರಗೆ ಹೊರಟರೆ ಓವರ್‌ಕೋಟು ಮತ್ತು ಮಫ್ಲರ್. ಕ್ರಮ ಯಾವಾಗಲೂ ತೆಳುವಿನಿಂದ ದಪ್ಪಕ್ಕೆ, ನುಣುಪಿನಿಂದ ಒರಟಿಗೆ. ಇದು ಚಂದಕ್ಕಾಗಿ ಹುಟ್ಟಿದ ಕ್ರಮವಲ್ಲ. ಎರಡು ಬಟ್ಟೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಶಾಖವನ್ನು ಹಿಡಿದಿಡುತ್ತದೆ. ಹಿಮ ಬೀಳುವ ಅಂಗಳದಿಂದ ಬೆಚ್ಚಗಿನ ತರಗತಿಗೆ ಬಂದಾಗ ಒಂದೊಂದೇ ಪದರ ಕಳಚಿದರಾಯಿತು. ಕೊರಳ ಬಳಿ, ಮಣಿಕಟ್ಟಿನ ಬಳಿ ಒಳಗಿನ ಬಟ್ಟೆ ಬೆರಳಗಲ ಇಣುಕುವ ಆ ಸೊಗಸು ಚಳಿಯಿಂದ ಪುಕ್ಕಟೆಯಾಗಿ ಬಂದದ್ದು. ನಮ್ಮ ಏಪ್ರಿಲ್ ಬಿಸಿಲಲ್ಲಿ ಇದೇ ಮೂರು ಪದರ ತೊಟ್ಟರೆ ಫೋಟೋ ತೆಗೆಯುವಷ್ಟರಲ್ಲಿ ಬೆವರಿಳಿಯುತ್ತದೆ. ಕಾರಣ ಕೇಳಬೇಕಿಲ್ಲ, ಆ ಬಟ್ಟೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ.

ಮೊಣಕೈಯ ಚರ್ಮದ ತೇಪೆಯೂ ಹಾಗೆಯೇ. ಮೇಜಿನ ಮೇಲೆ ಕೈಯೂರಿ ವರ್ಷಗಟ್ಟಲೆ ಓದಿದರೆ ಕೋಟು ಮೊದಲು ಸವೆಯುವುದು ಮೊಣಕೈಯಲ್ಲಿ. ಕೋಟು ಎಸೆಯಲು ಮನಸ್ಸಿಲ್ಲದವರು ಅಲ್ಲಿಗೆ ಚರ್ಮ ಹೊಲಿಸಿದರು. ಇಂದು ಅಂಗಡಿಯಿಂದ ಹೊಸ ಕೋಟು ತೇಪೆಯ ಸಮೇತ ಬರುತ್ತದೆ. ಸವೆಯುವ ಮೊದಲೇ ತೇಪೆ!

ಈ ಬಟ್ಟೆಗಳ ಹಿಂದಿರುವ ಕಥೆ ಇನ್ನೂ ಕುತೂಹಲದ್ದು. ಈ ಶೈಲಿಯ ಮೂಲ ಪುಸ್ತಕವೆಂದು ಎಲ್ಲರೂ ಹೆಸರಿಸುವುದು ಅಮೆರಿಕದ ಡೋನಾ ಟಾರ್ಟ್ 1992ರಲ್ಲಿ ಪ್ರಕಟಿಸಿದ ‘ದಿ ಸೀಕ್ರೆಟ್ ಹಿಸ್ಟರಿ’ ಕಾದಂಬರಿಯನ್ನು. ವರ್ಮಾಂಟ್ ರಾಜ್ಯದ ಚಳಿಯ ಬೆಟ್ಟಗಳ ನಡುವೆ ಒಂದು ಸಣ್ಣ ಕಾಲೇಜು. ಅಲ್ಲಿ ಪ್ರಾಚೀನ ಗ್ರೀಕ್ ಕಲಿಯುವ ಐದು ಸಿರಿವಂತರಂತೆ ಕಾಣುವ ವಿದ್ಯಾರ್ಥಿಗಳು. ಆರನೆಯವನಾಗಿ ಸೇರುವ ರಿಚರ್ಡ್ ಕ್ಯಾಲಿಫೋರ್ನಿಯಾದವನು, ತಂದೆಯದು ಪೆಟ್ರೋಲ್ ಬಂಕ್. ಅದನ್ನು ಮುಚ್ಚಿಟ್ಟು ಸುಖದ ಬಾಲ್ಯವೊಂದನ್ನು ಕಟ್ಟಿ ಹೇಳುತ್ತಾನೆ.

ಅವನನ್ನು ಬನ್ನಿ ಎಂಬ ಸಹಪಾಠಿ ಊಟಕ್ಕೆ ಕರೆಯುತ್ತಾನೆ. ತೊಡಲು ತಕ್ಕ ಬಟ್ಟೆಯಿಲ್ಲ. ಪರಿಚಯದ ಹುಡುಗಿಯೊಬ್ಬಳು ಯಾರದೋ ಹಳೆಯ ರೇಷ್ಮೆಯ ಕೋಟು ಕೊಡುತ್ತಾಳೆ. ಬನ್ನಿ ಕೋಟನ್ನು ಮುಟ್ಟಿ ನೋಡಿ ಮೆಚ್ಚುತ್ತಾನೆ. ಅಜ್ಜನದ್ದು ಎಂದು ರಿಚರ್ಡ್ ಸುಳ್ಳು ಹೇಳುತ್ತಾನೆ. ಚೆನ್ನಾಗಿದೆ, ಆದರೆ ಈ ಕಾಲಕ್ಕೆ ತೊಡುವಂಥದ್ದಲ್ಲ ಎಂಬ ಅರ್ಥದ ಮಾತೊಂದನ್ನು ಬನ್ನಿ ಸೇರಿಸುತ್ತಾನೆ. ದುಬಾರಿ ಕೋಟು ಸಿಕ್ಕಿತು, ಯಾವ ಋತುವಿಗೆ ಯಾವುದು ಎಂಬ ತಿಳಿವಳಿಕೆ ಅದರ ಜೊತೆ ಸಿಗಲಿಲ್ಲ. ಬನ್ನಿಯ ಟ್ವೀಡ್ ಕೋಟಾದರೋ ಆಕಾರಗೆಟ್ಟು ಮೊಣಕೈಯಲ್ಲಿ ಸವೆದದ್ದು. ಆದರೂ ಅವನನ್ನು ಯಾರೂ ಬಡವನೆನ್ನುವುದಿಲ್ಲ. ತಮಾಷೆಯೆಂದರೆ ಊಟದ ಬಿಲ್ ಕೊಡಲು ಬನ್ನಿಯ ಬಳಿಯೂ ದುಡ್ಡಿಲ್ಲ, ಇನ್ನೊಬ್ಬ ಗೆಳೆಯ ಬಂದು ಕೊಡಬೇಕಾಗುತ್ತದೆ. ಒಂದು ಕೋಟು ಬಡತನವನ್ನು ಮುಚ್ಚಲಾರದು, ಇನ್ನೊಂದು ಮುಚ್ಚುತ್ತದೆ. ಸವಕಲು ಬಟ್ಟೆ ಸೊಗಸಾಗಿ ಕಾಣಬೇಕಾದರೆ ತೊಟ್ಟವನು ಯಾವ ಮನೆಯವನು ಎಂದು ನೋಡುವವರು ಮೊದಲೇ ನಂಬಿರಬೇಕು.

ಮುಂದೆ ಚಳಿಗಾಲದ ರಜೆಯಲ್ಲಿ ಉಳಿದವರು ಬೇರೆಡೆಗೆ ಹೋದಾಗ ರಿಚರ್ಡ್ ಛಾವಣಿಯಲ್ಲಿ ತೂತಿರುವ, ಒಲೆಯಿಲ್ಲದ ಕೋಣೆಯಲ್ಲಿ ಉಳಿದು ನ್ಯುಮೋನಿಯಾದಿಂದ ಸಾಯುವ ಹಂತ ತಲುಪುತ್ತಾನೆ. ಹಿಮ ಬೀಳುವ ಕಿಟಕಿಯ ಚಿತ್ರಕ್ಕೆ ಲೈಕ್ ಒತ್ತುವಾಗ ನನಗೆ ಈ ಪುಟಗಳು ನೆನಪಾಗುತ್ತವೆ.

ಆ ಗುಂಪಿನವರೇ ಬನ್ನಿಯನ್ನು ಕೊಲ್ಲುತ್ತಾರೆ ಎಂಬುದನ್ನು ಕಾದಂಬರಿ ಆರಂಭದಲ್ಲೇ ಹೇಳಿಬಿಡುತ್ತದೆ. ಸೌಂದರ್ಯದ ಹಂಬಲ ಅಷ್ಟು ದೂರ ಹೋಗಲು ಒಂದು ಕಾರಣ ಅವರ ತರಗತಿಯ ಬಾಗಿಲು ಮುಚ್ಚಿದ್ದು. ಅವರ ಗುರು ತನ್ನ ಶಿಷ್ಯರು ಉಳಿದ ಅಧ್ಯಾಪಕರ ಪಾಠಗಳನ್ನು ಬಹುಪಾಲು ಬಿಡಬೇಕೆಂದು ಬಯಸುವವನು. ಈ ಶೈಲಿ ಎರವಲು ತಂದ ಮನೋಭಾವವೂ ಇದೇ: ಕೆಲವೇ ಜನ, ಮಂದ ಬೆಳಕು, ಹೊರಗಿನವರಿಗೆ ತಿಳಿಯದ ವಿದ್ಯೆ.

ಇಲ್ಲೇ ನನ್ನ ತಕರಾರು. ಆ ಕಪಾಟಿನ ಗ್ರೀಕ್ ವಿದ್ಯೆ ಬಾಗಿಲು ತೆರೆದಿದ್ದರಿಂದಲೇ ಉಳಿದದ್ದು. ಕಾರ್ಡೋಬಾದ ಇಬ್ನ್ ರುಶ್ದ್ (1126–1198) ಅರಿಸ್ಟಾಟಲನಿಗೆ ಅರಬಿಯಲ್ಲಿ ವ್ಯಾಖ್ಯಾನ ಬರೆದರು. ಅವು ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಪಾಠವಾದವು. ಅಲ್ಲಿನವರು ಅವರನ್ನು ಕೇವಲ ‘ವ್ಯಾಖ್ಯಾನಕಾರ’ ಎಂದರೆ ಸಾಕಿತ್ತು, ಯಾರೆಂದು ಓದುಗರಿಗೆ ತಿಳಿಯುತ್ತಿತ್ತು. ಡಾರ್ಕ್ ಅಕಾಡೆಮಿಯಾದ ಚಿತ್ರಗಳಲ್ಲಿ ಹೋಮರ್ ಕಾಣುತ್ತಾನೆ, ಇಬ್ನ್ ರುಶ್ದ್ ಕಾಣುವುದು ಅಪರೂಪ.

ಇಷ್ಟವಿದ್ದವರು ಕಂದು ಬಣ್ಣ ತೊಡಲಿ, ಅದಕ್ಕೆ ಹತ್ತಿಯೂ ಆದೀತು. ತೇಪೆಯನ್ನು ಮಾತ್ರ ಮೊಣಕೈ ಸವೆದ ಮೇಲೆ ಹೊಲಿಸಿಕೊಳ್ಳೋಣ.